ಇಂಟರ್‌ವ್ಯೂ ಸ್ಲಾಟ್ ಒಪ್ಪಿಕೊಳ್ಳುವ ಮೇಲ್: ಮೊದಲು ಒಪ್ಪಿಗೆ, ಆಮೇಲೆ ಮೂರೇ ಪ್ರಶ್ನೆ

ನಮ್ಮ ಚಿಕ್ಕಮ್ಮನ ಮಗಳು ಲೆಕ್ಕಪತ್ರ ವಿಭಾಗದ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದಳು. ಒಂದು ಸಂಜೆ ಅವಳಿಗೆ ಈ ಮೇಲ್ ಬಂತು:

> ನಿಮ್ಮ ಅರ್ಜಿ ಮುಂದಿನ ಹಂತಕ್ಕೆ ಆಯ್ಕೆಯಾಗಿದೆ. ಕೆಳಗಿನ ಸಮಯಗಳಲ್ಲಿ ನಿಮಗೆ ಯಾವುದು ಅನುಕೂಲ ಎಂದು ತಿಳಿಸಿ.
> ಜೂನ್ 9, ಮಂಗಳವಾರ, ಮಧ್ಯಾಹ್ನ 3:00
> ಜೂನ್ 10, ಬುಧವಾರ, ಬೆಳಿಗ್ಗೆ 11:30
> ಜೂನ್ 12, ಶುಕ್ರವಾರ, ಬೆಳಿಗ್ಗೆ 10:00
> ಇಂಟರ್‌ವ್ಯೂ ನಮ್ಮ ಕಚೇರಿಯಲ್ಲೇ ನಡೆಯುತ್ತದೆ. ಪ್ಯಾನೆಲ್ ಜೊತೆ ಮಾತುಕತೆ ಮತ್ತು ಒಂದು ಸಣ್ಣ ಪರೀಕ್ಷೆ ಇರುತ್ತದೆ. ಅಗತ್ಯ ದಾಖಲೆಗಳನ್ನು ತನ್ನಿ.

ಅವಳು ಉತ್ತರ ಬರೆದು, ಕಳಿಸುವ ಮುಂಚೆ ನನಗೆ ತೋರಿಸಿದಳು. ಮೊದಲ ಪ್ಯಾರಾ ಪೂರ್ತಿ ಧನ್ಯವಾದ. ಎರಡನೆಯದರಲ್ಲಿ ಆ ಸಂಸ್ಥೆ ತನಗೆ ಯಾಕೆ ಇಷ್ಟ ಅಂತ. ಮೂರನೆಯದರಲ್ಲಿ ಎಂಟು ಪ್ರಶ್ನೆ. ಕೊನೆಯ ಸಾಲು ಹೀಗಿತ್ತು: "ಬುಧವಾರ ನನಗೆ ಆಗಬಹುದು ಅನ್ನಿಸುತ್ತದೆ."

ಬರವಣಿಗೆ ತಪ್ಪಿಲ್ಲದೆ ಚೆನ್ನಾಗಿತ್ತು. ಆದರೆ ಆ ಮೇಲ್ ಹಾಗೇ ಹೋಗಿದ್ದರೆ ಬುಧವಾರದ ಸ್ಲಾಟ್ ಕೈತಪ್ಪುವ ಸಾಧ್ಯತೆ ಇತ್ತು. ಕೆಲವು ವರ್ಷ ನಾನು ಇಂಟರ್‌ವ್ಯೂಗಳ ವೇಳಾಪಟ್ಟಿ ಹೊಂದಿಸುವ ಕೆಲಸವನ್ನೇ ಮಾಡಿದ್ದೇನೆ. ಹಾಗಾಗಿ ಇಂಥ ಮೇಲ್ ಆ ಕಡೆ ಹೇಗೆ ಕಾಣುತ್ತದೆ ಅಂತ ಗೊತ್ತು. ಅವಳ ಮೇಲ್ ತಿದ್ದುತ್ತಾ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

## ಓದುವವರು ಇಂಟರ್‌ವ್ಯೂ ಮಾಡುವವರಲ್ಲ

ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಸ್ಲಾಟ್ ಕೇಳಿ ಮೇಲ್ ಕಳಿಸಿದವರು ಎಚ್‌ಆರ್ ವಿಭಾಗದಲ್ಲಿ ವೇಳೆ ಹೊಂದಿಸುವವರು. ನಿಮ್ಮನ್ನು ಆರಿಸುವವರೂ ಅವರಲ್ಲ, ಬಿಡುವವರೂ ಅವರಲ್ಲ. ಅವರ ತಲೆನೋವೇ ಬೇರೆ. ಪ್ಯಾನೆಲ್‌ನ ಮೂರು ಜನಕ್ಕೂ ಬಿಡುವಿರುವ ಒಂದು ಗಂಟೆ ಹುಡುಕಿ, ಆ ಗಂಟೆಯನ್ನು ಮೂವರ ಕ್ಯಾಲೆಂಡರ್‌ನಲ್ಲೂ ಕಾದಿರಿಸಿ, ಒಂದು ರೂಮ್ ಹಿಡಿದು, ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತಾರೆ. ನಿಮಗೆ ಮೂರು ಸ್ಲಾಟ್ ಕೊಟ್ಟಿದ್ದಾರೆ ಅಂದರೆ ಮೂರನ್ನೂ ಹಿಡಿದಿಟ್ಟಿದ್ದಾರೆ ಅಂತ ಅರ್ಥ. ಅವೇ ಸ್ಲಾಟ್‌ಗಳನ್ನು ಇನ್ನಿಬ್ಬರು ಅಭ್ಯರ್ಥಿಗಳಿಗೂ ಕೊಟ್ಟಿರಬಹುದು. ಆಗ ಯಾರು ಮೊದಲು "ಇದು" ಅಂತ ಸ್ಪಷ್ಟವಾಗಿ ಹೇಳುತ್ತಾರೋ ಅವರಿಗೆ ಅದು ಹೋಗುತ್ತದೆ.

ಇಂಥ ಮೇಲ್‌ಗಳನ್ನು ಅವರು ಬಹಳ ಸಲ ಫೋನ್‌ನಲ್ಲೇ, ಇನ್ನೊಂದು ಕೆಲಸದ ನಡುವೆ ನೋಡುತ್ತಾರೆ. ಪಟ್ಟಿಯಲ್ಲಿ ಕಾಣುವುದು ನಿಮ್ಮ ಹೆಸರು, ವಿಷಯದ ಸಾಲು, ಮೊದಲ ಒಂದೆರಡು ವಾಕ್ಯ, ಅಷ್ಟೇ. ಅಲ್ಲಿ ಧನ್ಯವಾದವೊಂದೇ ಕಂಡರೆ "ಆಮೇಲೆ ನೋಡೋಣ" ಅಂತ ಮುಂದೆ ಹೋಗುತ್ತಾರೆ. ಆ "ಆಮೇಲೆ" ಎಷ್ಟು ಹೊತ್ತಿಗೆ ಬರುತ್ತದೋ ಹೇಳುವುದಕ್ಕಾಗುವುದಿಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಪ್ಪಿಗೆ ಮೊದಲ ಸಾಲಿನಲ್ಲೇ ಇರಬೇಕು. ಮತ್ತೆ, ಅವರು ಯಾರನ್ನೂ ಕೇಳದೆ, ತಮ್ಮ ಮುಂದಿನ ಸ್ಕ್ರೀನ್ ನೋಡಿಯೇ ಹೇಳಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಬೇಕು. ಮುಂದೆ ಬರೆದಿರುವುದೆಲ್ಲ ಈ ಎರಡರ ವಿವರವೇ.

## ಉತ್ತರ ಬರೆಯುವ ಮುಂಚೆ

ಬಂದ ಮೇಲ್ ಅನ್ನು ಪೂರ್ತಿ ಓದಿ. ತಳದಲ್ಲಿ ಸಣ್ಣಕ್ಷರದಲ್ಲಿರುವ ಸಹಿ, ವಿಳಾಸ, ಜೊತೆಗೆ ಬಂದಿರುವ ಪಿಡಿಎಫ್, ಯಾವುದನ್ನೂ ಬಿಡಬೇಡಿ. ತರಬೇಕಾದ ದಾಖಲೆಗಳ ಪಟ್ಟಿ ಆ ಪಿಡಿಎಫ್‌ನಲ್ಲೇ ಇದ್ದು, ನೀವು "ಯಾವ ದಾಖಲೆ ತರಲಿ?" ಅಂತ ಕೇಳಿದರೆ, ಮೇಲ್ ಓದಿಯೇ ಇಲ್ಲ ಅಂತ ಗೊತ್ತಾಗಿಬಿಡುತ್ತದೆ. ನನ್ನ ಅನುಭವದಲ್ಲಿ ಅತಿ ಜಾಸ್ತಿ ಬರುತ್ತಿದ್ದ ಪ್ರಶ್ನೆ "ಕಚೇರಿ ಎಲ್ಲಿ?" ಅನ್ನುವುದು. ವಿಳಾಸ ಪ್ರತಿ ಮೇಲ್‌ನ ತಳದಲ್ಲೂ ಇರುತ್ತಿತ್ತು!

ಆಮೇಲೆ ಕ್ಯಾಲೆಂಡರ್ ತೆಗೆದು, ಅವರು ಹೇಳಿದ ತಾರೀಖು ಮತ್ತು ವಾರ ಹೊಂದುತ್ತವಾ ನೋಡಿ. ಹಳೆಯ ಮೇಲ್ ನಕಲು ಮಾಡಿ ತಾರೀಖು ಬದಲಿಸಿ, ವಾರ ಬದಲಿಸಲು ಮರೆಯುವುದು ಆ ಕಡೆ ಮಾಮೂಲಿ ತಪ್ಪು. ನಾನೂ ಮಾಡಿದ್ದೇನೆ. "ಜೂನ್ 10, ಗುರುವಾರ" ಅಂತ ಬಂದರೆ ನೀವೇ ಊಹಿಸಿಕೊಳ್ಳಬೇಡಿ. "ಜೂನ್ 10 ಬುಧವಾರ ಬರುತ್ತದೆ. ಬುಧವಾರವೇ ಎಂದು ದಯವಿಟ್ಟು ಖಚಿತಪಡಿಸಿ" ಅಂತ ಒಂದು ಸಾಲು ಸೇರಿಸಿ. ತಪ್ಪು ತೋರಿಸಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಪ್ಪು ದಿನ ಬಂದು ಗೇಟಿನಲ್ಲಿ ನಿಂತರೆ ಮಾತ್ರ ಎಲ್ಲರಿಗೂ ಪೇಚಾಟ.

ಆನ್‌ಲೈನ್ ಇಂಟರ್‌ವ್ಯೂ ಆಗಿದ್ದು ಅವರು ಬೇರೆ ದೇಶದಲ್ಲಿದ್ದರೆ, ಸಮಯ ಯಾರ ಗಡಿಯಾರದ್ದು ಅಂತ ನೋಡಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಹಾಗಾಗಿ ಹೋದ ತಿಂಗಳು ಮಾಡಿದ ಲೆಕ್ಕ ಈ ತಿಂಗಳು ತಪ್ಪಬಹುದು. ಉತ್ತರದಲ್ಲಿ ಇಬ್ಬರ ಸಮಯವನ್ನೂ ಅಕ್ಕಪಕ್ಕ ಬರೆದರೆ ತಪ್ಪಿದ್ದರೂ ಅವರೇ ಹಿಡಿಯುತ್ತಾರೆ.

ಇಷ್ಟಕ್ಕೆ ಹದಿನೈದು ನಿಮಿಷ ಸಾಕು. ಉತ್ತರ ಅದೇ ದಿನ ಹೋಗಲಿ. ರಾತ್ರಿ ಬಂದ ಮೇಲ್ ಆದರೆ ಮರುದಿನ ಬೆಳಿಗ್ಗೆ ಕಚೇರಿ ಶುರುವಾಗುವ ಹೊತ್ತಿಗೆ ಹೋಗಲಿ. ಸುಮ್ನೆ "ತುಂಬಾ ಬೇಗ ಉತ್ತರ ಕೊಟ್ಟರೆ ಹಪಾಹಪಿ ಅಂದುಕೊಳ್ತಾರೆ" ಅಂತ ತಡ ಮಾಡುವವರಿದ್ದಾರೆ. ವೇಳೆ ಹೊಂದಿಸುವವರಿಗೆ ಬೇಗ ಬಂದ ಉತ್ತರದಷ್ಟು ಖುಷಿ ಕೊಡುವುದು ಇನ್ನೊಂದಿಲ್ಲ.

## ಮೊದಲ ಸಾಲು

ಬಂದ ಮೇಲ್‌ಗೇ `Reply` ಒತ್ತಿ. ಹೊಸ ಮೇಲ್ ಶುರು ಮಾಡಬೇಡಿ, ವಿಷಯದ ಸಾಲನ್ನೂ ಬದಲಿಸಬೇಡಿ. ಹಳೆಯ ಎಳೆಯಲ್ಲೇ ನಿಮ್ಮ ಅರ್ಜಿ ಸಂಖ್ಯೆ, ಹುದ್ದೆಯ ಹೆಸರು ಎಲ್ಲಾ ಇರುತ್ತದೆ. ಸಿಸಿಯಲ್ಲಿ ಇನ್ನೊಬ್ಬರನ್ನು ಹಾಕಿದ್ದರೆ `Reply all` ಒತ್ತಿ. ಅವರು ಬೇಕಂತಲೇ ಹಾಕಿರುತ್ತಾರೆ. ಈ ವ್ಯಕ್ತಿ ರಜೆಯಲ್ಲಿದ್ದರೆ ಆ ವ್ಯಕ್ತಿ ನೋಡಿಕೊಳ್ಳುತ್ತಾರೆ.

ನಮಸ್ಕಾರ ಆದ ಕೂಡಲೇ ಬರುವ ವಾಕ್ಯ ಹೀಗಿರಲಿ:

> ಜೂನ್ 10, ಬುಧವಾರ, ಬೆಳಿಗ್ಗೆ 11:30ಕ್ಕೆ ನಿಮ್ಮ ಕಚೇರಿಯಲ್ಲಿ ನಡೆಯುವ ಇಂಟರ್‌ವ್ಯೂಗೆ ಖಂಡಿತ ಬರುತ್ತೇನೆ.

ತಾರೀಖು, ವಾರ, ಸಮಯ, ಸ್ಥಳ ನಾಲ್ಕೂ ಇದರಲ್ಲಿವೆ. ಅವರು ಹೇಳಿದ್ದನ್ನೇ ತಿರುಗಿ ಹೇಳುವುದು ಯಾಕೆ ಅಂತ ಕೇಳಬಹುದು. "ಎರಡನೇ ಸ್ಲಾಟ್ ಓಕೆ" ಅಂತ ಬರೆದರೆ ಅವರು ತಮ್ಮ ಹಳೆಯ ಮೇಲ್ ತೆಗೆದು ಎಣಿಸಬೇಕು. ಪೂರ್ತಿ ಬರೆದರೆ ನೀವು ಒಪ್ಪಿದ್ದು ಯಾವುದು ಅಂತ ಆ ಸಾಲೇ ಹೇಳುತ್ತದೆ. ಆಮೇಲೆ ಯಾವತ್ತಾದರೂ ಗೊಂದಲವಾದರೆ ಆಧಾರವೂ ಅದೇ.

ಬರೆಯಬಾರದ ಮಾತುಗಳೂ ಕೆಲವು ಇವೆ. "ಮುಂದಿನ ಬುಧವಾರ" ಬೇಡ. ಸೋಮವಾರ ಕೂತು "ಮುಂದಿನ ಬುಧವಾರ" ಅಂದರೆ ಒಬ್ಬರಿಗೆ ನಾಳಿದ್ದು, ಇನ್ನೊಬ್ಬರಿಗೆ ಅದರ ಆಚೆ ವಾರದ್ದು. "10/6" ಬೇಡ, ಅದನ್ನು ಅಕ್ಟೋಬರ್ 6 ಅಂತ ಓದುವ ಜಾಗಗಳಿವೆ. ತಿಂಗಳ ಹೆಸರು ಬರೆದರೆ ಈ ರಗಳೆಯೇ ಇಲ್ಲ. ಹನ್ನೆರಡು ಗಂಟೆ ಆದರೆ "ಮಧ್ಯಾಹ್ನ 12" ಅಂತ ಬಿಡಿಸಿ ಬರೆಯಿರಿ. ಇನ್ನು "ಆಗಬಹುದು", "ಪ್ರಯತ್ನಿಸುತ್ತೇನೆ", "ಬಹುಶಃ" ಅನ್ನುವ ಮಾತುಗಳು ವಿನಯ ಅಂತ ನಿಮಗೆ ಅನ್ನಿಸಬಹುದು, ಆದರೆ ಓದುವವರಿಗೆ ಅದು ಒಪ್ಪಿಗೆಯೇ ಅಲ್ಲ. ನಮ್ಮ ಹುಡುಗಿಯ "ಆಗಬಹುದು ಅನ್ನಿಸುತ್ತದೆ"ಯನ್ನು ನಾನು ಮೊದಲು ಹೊಡೆದುಹಾಕಿದ್ದು ಅದಕ್ಕೇ.

ಎರಡು ಸ್ಲಾಟ್ ಅನುಕೂಲ ಇದ್ದರೂ ಒಂದನ್ನೇ ಒಪ್ಪಿ. ಇನ್ನೊಂದನ್ನು ಬೇಕಾದರೆ "ಅದು ಅಷ್ಟರಲ್ಲಿ ಭರ್ತಿಯಾಗಿದ್ದರೆ ಜೂನ್ 12, ಶುಕ್ರವಾರ, ಬೆಳಿಗ್ಗೆ 10:00 ಕೂಡ ಆಗುತ್ತದೆ" ಅಂತ ಕೆಳಗೆ ಸೇರಿಸಿ. ಒಂದು ಸುತ್ತಿನ ಮೇಲ್ ಉಳಿಯುತ್ತದೆ.

## ಮೂರು ಪ್ರಶ್ನೆಗಳು

ಪ್ರಶ್ನೆಗಳನ್ನು ಬಿಡಿಬಿಡಿಯಾಗಿ, ಒಂದೊಂದು ಸಾಲಿಗೆ ಒಂದರಂತೆ, 1, 2, 3 ಅಂತ ಅಂಕಿ ಹಾಕಿ ಬರೆಯಿರಿ. ಒಂದೇ ಪ್ಯಾರಾದಲ್ಲಿ ತುರುಕಿದರೆ ಮೊದಲನೆಯದಕ್ಕೋ ಕೊನೆಯದಕ್ಕೋ ಉತ್ತರ ಬಂದು ನಡುವಿನದು ಬಿದ್ದುಹೋಗುತ್ತದೆ. ಅಂಕಿ ಹಾಕಿದ್ದರೆ ಅವರೂ ಅದೇ ಅಂಕಿ ಹಿಡಿದು ಉತ್ತರಿಸುತ್ತಾರೆ.

ಮೂರಕ್ಕೆ ನಿಲ್ಲಿಸಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಒಂದೇ ಒಂದು ಪ್ರಶ್ನೆಗೆ ಬೇರೆಯವರನ್ನು ಕೇಳಬೇಕಾಗಿ ಬಂದರೂ ಪೂರ್ತಿ ಉತ್ತರ ಅಲ್ಲೇ ನಿಂತುಬಿಡುತ್ತದೆ. "ಅವರನ್ನು ಕೇಳಿ ಎಲ್ಲಾ ಒಟ್ಟಿಗೆ ಹೇಳೋಣ" ಅಂತ ಪಕ್ಕಕ್ಕಿಟ್ಟ ಮೇಲ್‌ಗಳ ರಾಶಿ ನನ್ನ ಹತ್ತಿರ ಯಾವಾಗಲೂ ಇರುತ್ತಿತ್ತು. ನಮ್ಮ ಹುಡುಗಿಯ ಎಂಟರಲ್ಲಿ "ಸಂಬಳ ಎಷ್ಟಿರಬಹುದು", "ತಂಡದಲ್ಲಿ ಎಷ್ಟು ಜನ", "ಫಲಿತಾಂಶ ಯಾವಾಗ", "ಮನೆಯಿಂದ ಕೆಲಸ ಮಾಡಬಹುದೇ", "ಪರೀಕ್ಷೆಗೆ ಏನು ಓದಬೇಕು" ಅನ್ನುವ ಐದೂ ಅಂಥವೇ. ಅವು ಕೆಟ್ಟ ಪ್ರಶ್ನೆಗಳಲ್ಲ. ಇಂಟರ್‌ವ್ಯೂ ರೂಮಿನಲ್ಲಿ ಅಥವಾ ಅದರ ನಂತರ ಕೇಳಬೇಕಾದವು, ಅಷ್ಟೇ. ಉಳಿದದ್ದು ಮೂರು.

ಮೊದಲ ಪ್ರಶ್ನೆ: ಇಂಟರ್‌ವ್ಯೂ ಹೇಗೆ ನಡೆಯುತ್ತದೆ. "ಇಂಟರ್‌ವ್ಯೂ ಹೇಗಿರುತ್ತದೆ?" ಅಂತ ಒಟ್ಟಾರೆಯಾಗಿ ಕೇಳಿದರೆ ಉತ್ತರವೂ "ಸಾಮಾನ್ಯ ಇಂಟರ್‌ವ್ಯೂ" ಅಂತಲೇ ಬರುತ್ತದೆ. ನಿಮಗೆ ನಿಜವಾಗಿ ಬೇಕಾಗಿರುವುದು ಏನು? ಅವಳ ವಿಷಯದಲ್ಲಿ ಎರಡಿತ್ತು. ಅವಳು ಈಗಾಗಲೇ ಒಂದು ಕಡೆ ಕೆಲಸದಲ್ಲಿದ್ದಾಳೆ. ಅರ್ಧ ದಿನ ರಜೆ ಹಾಕಬೇಕೋ ಪೂರ್ತಿ ದಿನವೋ ಗೊತ್ತಾಗಬೇಕಿತ್ತು. ಎರಡನೆಯದು ಆ "ಸಣ್ಣ ಪರೀಕ್ಷೆ". ಅದು ಪೇಪರ್ ಮೇಲೋ, ಕಂಪ್ಯೂಟರ್ ಮೇಲೋ? ಕಂಪ್ಯೂಟರ್ ಆದರೆ ಅವರದೋ, ತನ್ನ ಲ್ಯಾಪ್‌ಟಾಪ್ ಒಯ್ಯಬೇಕೋ? ಆದ್ದರಿಂದ ಪ್ರಶ್ನೆ ಹೀಗಾಯಿತು: "ಮಾತುಕತೆ ಮತ್ತು ಪರೀಕ್ಷೆ ಸೇರಿ ಸುಮಾರು ಎಷ್ಟು ಹೊತ್ತು ಬೇಕಾಗಬಹುದು? ಪರೀಕ್ಷೆಗೆ ನನ್ನ ಲ್ಯಾಪ್‌ಟಾಪ್ ತರಬೇಕೇ?" ಎಷ್ಟು ಹೊತ್ತು ಅನ್ನುವುದು ಕಾದಿರಿಸಿದ ಕ್ಯಾಲೆಂಡರ್‌ನಲ್ಲೇ ಇದೆ. ಲ್ಯಾಪ್‌ಟಾಪ್ ವಿಷಯವೂ ಅವರಿಗೆ ಗೊತ್ತಿರುತ್ತದೆ.

ಪರೀಕ್ಷೆಯಲ್ಲಿ ಏನು ಬರುತ್ತದೆ ಅಂತ ಕೇಳುವ ಆಸೆ ಇದ್ದೇ ಇರುತ್ತದೆ. ಅದನ್ನು ನೇರವಾಗಿ ಕೇಳಬೇಡಿ. ಆದರೆ ಬಗೆಯನ್ನು ಕೇಳಬಹುದು. "ಬರವಣಿಗೆಯೋ, ಕಂಪ್ಯೂಟರ್‌ನಲ್ಲಿ ಮಾಡುವಂಥದ್ದೋ" ಅನ್ನುವುದು ಬಗೆ. "ಯಾವ ವಿಷಯದ ಮೇಲೆ" ಅನ್ನುವುದು ಪ್ರಶ್ನೆಪತ್ರಿಕೆಯ ಕಡೆ ಒಂದು ಹೆಜ್ಜೆ. ಗೆರೆ ಅಲ್ಲಿದೆ.

ಆನ್‌ಲೈನ್ ಆದರೆ ಇದೇ ಜಾಗದಲ್ಲಿ ಲಿಂಕ್ ಯಾವಾಗ ಬರುತ್ತದೆ, ಯಾವ ಆ್ಯಪ್, ಸ್ಕ್ರೀನ್ ಹಂಚಿಕೊಳ್ಳಬೇಕಾಗುತ್ತದೆಯೇ ಅಂತ ಕೇಳಿ. ಕಣ್ಣು, ಕಿವಿ ಅಥವಾ ಓಡಾಟಕ್ಕೆ ಸಂಬಂಧಿಸಿ ಏನಾದರೂ ವ್ಯವಸ್ಥೆ ಬೇಕಿದ್ದರೆ, ಉದಾಹರಣೆಗೆ ಲಿಫ್ಟ್ ಇರುವ ಕಡೆ ರೂಮ್, ಪರೀಕ್ಷೆಗೆ ದೊಡ್ಡ ಅಕ್ಷರ, ಅದನ್ನು ಹೇಳಬೇಕಾದ್ದೂ ಈ ಮೇಲ್‌ನಲ್ಲೇ. ಅದಕ್ಕೆ ತಯಾರಿ ಬೇಕು, ಹಿಂದಿನ ದಿನ ಹೇಳಿದರೆ ಆಗುವುದಿಲ್ಲ.

ಎರಡನೇ ಪ್ರಶ್ನೆ: ಪ್ಯಾನೆಲ್‌ನಲ್ಲಿ ಯಾರು. ಇದು ಸ್ವಲ್ಪ ನಾಜೂಕಿನ ವಿಷಯ. ಹೆಸರು ಕೇಳುವುದು ತಪ್ಪೇನಲ್ಲ, ಆದರೆ ಹೇಳಲೇಬೇಕು ಅನ್ನುವ ಹಾಗೆ ಕೇಳಬಾರದು. ಕೆಲವು ಸಂಸ್ಥೆಗಳು ಖುಷಿಯಿಂದ ಹೇಳುತ್ತವೆ. ಕೆಲವು ಹೇಳುವುದಿಲ್ಲ. ಕೊನೇ ಗಳಿಗೆಯಲ್ಲಿ ಪ್ಯಾನೆಲ್‌ನವರು ಬದಲಾಗುವುದೂ ಇದೆ. ಅದಕ್ಕೆ ಹೆಸರಿಗಿಂತ ಪಾತ್ರ ಕೇಳುವುದು ಜಾಣತನ: "ಪ್ಯಾನೆಲ್‌ನಲ್ಲಿ ಎಷ್ಟು ಜನ ಇರುತ್ತಾರೆ, ಯಾವ ವಿಭಾಗಗಳಿಂದ ಇರುತ್ತಾರೆ ಎಂದು ಹೇಳಬಹುದಾದರೆ ತಯಾರಿಗೆ ಅನುಕೂಲವಾಗುತ್ತದೆ." "ಹೇಳಬಹುದಾದರೆ" ಅನ್ನುವ ಒಂದು ಮಾತು ಅವರಿಗೆ ಇಲ್ಲ ಅನ್ನಲು ದಾರಿ ಬಿಡುತ್ತದೆ.

ತಯಾರಿಗೆ ನಿಜವಾಗಿ ಬೇಕಾದ್ದೂ ಪಾತ್ರವೇ. ಮೂವರಲ್ಲಿ ಒಬ್ಬರು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ಒಬ್ಬರು ಆಡಿಟ್ ಕಡೆಯವರು, ಒಬ್ಬರು ಎಚ್‌ಆರ್ ಅಂತ ಗೊತ್ತಾದರೆ, ತಿಂಗಳ ಕೊನೆಯ ಲೆಕ್ಕ ಮುಗಿಸುವ ಬಗ್ಗೆ ಮೊದಲನೆಯವರು ಕೇಳುತ್ತಾರೆ, ವೋಚರ್‌ಗೆ ಆಧಾರ ಹೇಗೆ ಇಡುತ್ತೀರಿ ಅಂತ ಎರಡನೆಯವರು ಕೇಳುತ್ತಾರೆ, ಈಗಿನ ಕೆಲಸ ಯಾಕೆ ಬಿಡುತ್ತೀರಿ ಅಂತ ಮೂರನೆಯವರು ಕೇಳುತ್ತಾರೆ ಅಂತ ಊಹಿಸಿ ಓದಿಕೊಳ್ಳಬಹುದು.

ಸರ್ಕಾರಿ ನೇಮಕಾತಿ ಮಂಡಳಿಗಳ ಇಂಟರ್‌ವ್ಯೂ ಆದರೆ ಈ ಪ್ರಶ್ನೆಯನ್ನು ಪೂರ್ತಿ ಬಿಟ್ಟುಬಿಡಿ. ಅಲ್ಲಿ ಮಂಡಳಿಯಲ್ಲಿ ಯಾರಿರುತ್ತಾರೆ ಅನ್ನುವುದನ್ನು ಗುಟ್ಟಾಗಿಡುವುದೇ ರೂಢಿ. ಸದಸ್ಯರ ಮೇಲೆ ಪ್ರಭಾವ ಬೀರಲು ನೋಡಿದರೆ ಅಭ್ಯರ್ಥಿಯನ್ನು ಕೈಬಿಡಬಹುದು ಅಂತ ಎಷ್ಟೋ ಅಧಿಸೂಚನೆಗಳಲ್ಲಿ ಬರೆದೇ ಇರುತ್ತಾರೆ. ಖಾಸಗಿಯಲ್ಲೂ, ಹೆಸರು ಸಿಕ್ಕಿತು ಅಂತ ಪ್ಯಾನೆಲ್‌ನವರಿಗೆ ನೇರ ಮೆಸೇಜ್ ಹಾಕುವುದು, ಪರಿಚಯ ಬೆಳೆಸಲು ಹೋಗುವುದು ಬೇಡ. ಅವರು ಎಲ್ಲರಿಗೂ ಕಾಣುವ ಹಾಗೆ ತಮ್ಮ ಕೆಲಸದ ಬಗ್ಗೆ ಹಾಕಿಕೊಂಡಿರುವುದನ್ನು ಓದಿ, ಸಾಕು.

ಮೂರನೇ ಪ್ರಶ್ನೆ: ಯಾವ ದಾಖಲೆ ತರಬೇಕು. "ಅಗತ್ಯ ದಾಖಲೆಗಳು" ಅನ್ನುವ ಮಾತಿಗೆ ಒಂದೊಂದು ಕಚೇರಿಯಲ್ಲಿ ಒಂದೊಂದು ಅರ್ಥ. ಇಲ್ಲಿ ಬರೀ "ಏನೇನು ತರಲಿ?" ಅಂತ ಕೇಳುವ ಬದಲು, ನೀವು ಒಯ್ಯುವುದನ್ನು ಪಟ್ಟಿ ಮಾಡಿ, ಇದಕ್ಕಿಂತ ಬೇರೇನಾದರೂ ಬೇಕೇ ಅಂತ ಕೇಳಿ. ಆಗ ಅವರು "ಸಾಕು" ಅನ್ನುವುದಷ್ಟೇ ಬಾಕಿ. ಅವಳ ಪಟ್ಟಿಯಲ್ಲಿ ಇದ್ದದ್ದು: ಫೋಟೊ ಇರುವ ಗುರುತಿನ ಚೀಟಿ, ರೆಸ್ಯೂಮ್‌ನ ಮೂರು ಪ್ರತಿ, ಓದಿನ ಮಾರ್ಕ್ಸ್ ಕಾರ್ಡ್ ಮತ್ತು ಪದವಿ ಪ್ರಮಾಣಪತ್ರ, ಹಿಂದಿನ ಕೆಲಸದ ರಿಲೀವಿಂಗ್ ಲೆಟರ್.

ಇದರಲ್ಲಿ ಕೇಳಿ ತಿಳಿದುಕೊಳ್ಳಬೇಕಾದ್ದು ಒಂದೇ: ಒರಿಜಿನಲ್ ಬೇಕೋ, ಜೆರಾಕ್ಸ್ ಸಾಕೋ. ಒರಿಜಿನಲ್ ಅಂದರೆ ಸಾಮಾನ್ಯವಾಗಿ ತೋರಿಸಿ ವಾಪಸ್ ತೆಗೆದುಕೊಳ್ಳುವುದಕ್ಕೆ, ಜೆರಾಕ್ಸ್ ಅಂದರೆ ಕೊಟ್ಟು ಬರುವುದಕ್ಕೆ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರೆ ಯಾಕೆ, ಎಷ್ಟು ದಿನಕ್ಕೆ ಅಂತ ಕೇಳಲು ಹಿಂಜರಿಯಬೇಡಿ. ಇಂಟರ್‌ವ್ಯೂ ಹಂತದಲ್ಲಿ ಇಟ್ಟುಕೊಳ್ಳಲು ಕಾರಣವೇ ಇಲ್ಲ. ಜೆರಾಕ್ಸ್ ಮೇಲೆ ನಿಮ್ಮ ಸಹಿ ಬೇಕೇ ಅನ್ನುವುದನ್ನೂ ಇದೇ ಸಾಲಿನಲ್ಲಿ ಸೇರಿಸಬಹುದು.

ಗುರುತಿನ ಚೀಟಿಯನ್ನು ಪಟ್ಟಿಯ ಮೊದಲಿಗೆ ಹಾಕಿದ್ದಕ್ಕೆ ಕಾರಣ ಇದೆ. ಪ್ಯಾನೆಲ್ ಅದನ್ನು ನೋಡದೆಯೂ ಇರಬಹುದು, ಗೇಟಿನವರು ನೋಡದೆ ಒಳಗೆ ಬಿಡುವುದಿಲ್ಲ. ಚೀಟಿಯಲ್ಲಿರುವ ಹೆಸರು ಮತ್ತು ಅರ್ಜಿಯಲ್ಲಿರುವ ಹೆಸರು ಬೇರೆ ಬೇರೆ ಇದ್ದರೆ, ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಸರಿ, ಮೇಲ್‌ನಲ್ಲೇ ತಿಳಿಸಿ. ವಿಸಿಟರ್ ಪಟ್ಟಿಗೆ ಹೆಸರು ಹೋಗುವುದು ಅಲ್ಲಿಂದಲೇ.

ಸಂಬಳದ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಬಗ್ಗೆ ನೀವಾಗಿ ಪ್ರಸ್ತಾಪ ಮಾಡಬೇಡಿ. ಅವರು ಕೇಳಿದರೆ ನೋಡಿಕೊಳ್ಳಬಹುದು. ಯಾರಾದರೂ ಇಂಟರ್‌ವ್ಯೂಗೆ ಮುಂಚೆಯೇ ಬ್ಯಾಂಕ್ ಖಾತೆಯ ವಿವರ, ಓಟಿಪಿ ಅಥವಾ "ನೋಂದಣಿ ಶುಲ್ಕ" ಕೇಳಿದರೆ ಈ ಮಾರ್ಗದರ್ಶಿಯೇ ಬೇಡ. ಅದು ಇಂಟರ್‌ವ್ಯೂ ಅಲ್ಲ, ಮೋಸ. ಮೇಲ್ ವಿಳಾಸದಲ್ಲಿ `@` ಆದ ಮೇಲೆ ಬರುವುದು ಸಂಸ್ಥೆಯ ಸ್ವಂತ ಹೆಸರೇನಾ ಅಂತ ನೋಡಿ. ಅನುಮಾನ ಬಂದರೆ ಸಂಸ್ಥೆಯ ವೆಬ್‌ಸೈಟ್‌ನಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ವಿಚಾರಿಸಿ. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಬೇಡಿ.

## ವಿನಯ ಎಷ್ಟು, ಹೇಗೆ

ಕನ್ನಡದಲ್ಲಿ ಬರೆಯುವಾಗ ಎರಡು ಕಡೆ ಜಾರುತ್ತೇವೆ. ಒಂದು, ಪತ್ರ ಬರೆಯುವುದು ಅಂದ ಕೂಡಲೇ "ತಮ್ಮ ಘನ ಸಂಸ್ಥೆಯ ಪಾದಾರವಿಂದಗಳಲ್ಲಿ" ಅನ್ನುವ ಧಾಟಿಗೆ ಹೋಗಿಬಿಡುವುದು. ಇನ್ನೊಂದು, ಆತುರದಲ್ಲಿ "ಡಾಕ್ಯುಮೆಂಟ್ ಲಿಸ್ಟ್ ಕಳಿಸಿ" ಅಂತ ಆರ್ಡರ್ ಮಾಡಿದ ಹಾಗೆ ಬರೆಯುವುದು.

"ತಿಳಿಸಿ" ಅನ್ನುವುದು ಬಹುವಚನವೇ ಆದರೂ ಆಜ್ಞೆಯ ರೂಪ. ಅದಕ್ಕೆ "ದಯವಿಟ್ಟು" ಸೇರಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ. "ತಿಳಿಸಿದರೆ ಅನುಕೂಲವಾಗುತ್ತದೆ" ಅಂದರೆ ಇನ್ನೂ ಹಗುರ. "ತಿಳಿಸಲು ಸಾಧ್ಯವೇ?" ಅಂದರೆ ಬೇಡ ಅನ್ನಲೂ ಜಾಗ ಇರುತ್ತದೆ. ಮೂರನ್ನೂ ಮೂರು ಕಡೆ ಬಳಸಿ. ಅವರು ಹೇಳಲೇಬೇಕಾದ ದಾಖಲೆ ವಿಷಯಕ್ಕೆ "ದಯವಿಟ್ಟು ತಿಳಿಸಿ", ಹೊತ್ತಿನ ವಿಷಯಕ್ಕೆ "ಅನುಕೂಲವಾಗುತ್ತದೆ", ಪ್ಯಾನೆಲ್‌ಗೆ "ಸಾಧ್ಯವೇ" ಅಥವಾ "ಹೇಳಬಹುದಾದರೆ". ಎಲ್ಲಾ ಸಾಲಿಗೂ "ದಯವಿಟ್ಟು" ಹಾಕಿದರೆ ಅಂಗಲಾಚಿದ ಹಾಗೆ ಕೇಳಿಸುತ್ತದೆ.

ಕರೆಯುವುದಕ್ಕೆ, ಮೇಲ್‌ನಲ್ಲಿ ಅವರ ಹೆಸರಿದ್ದರೆ ಹೆಸರಿನ ಮುಂದೆ "ಅವರೇ" ಹಾಕಿ. ಆ ಹೆಸರು ಗಂಡಸಿನದೋ ಹೆಂಗಸಿನದೋ ಗೊತ್ತಾಗದಿದ್ದಾಗ "ಸರ್", "ಮೇಡಂ" ಅಂತ ಊಹೆ ಮಾಡಿ ಪೇಚಿಗೆ ಬೀಳುವುದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ? ಹೆಸರಿಲ್ಲದಿದ್ದರೆ "ಮಾನ್ಯರೇ". ಒಳಗೆ "ನೀವು, ನಿಮ್ಮ" ಸಾಕು. "ತಾವು, ತಮ್ಮ" ಬಳಸುವುದಾದರೆ ಕೊನೆಯವರೆಗೂ ಅದನ್ನೇ ಬಳಸಿ. ಮೊದಲ ಪ್ಯಾರಾದಲ್ಲಿ "ತಾವು", ಎರಡನೆಯದರಲ್ಲಿ "ನೀವು" ಆದರೆ ನಕಲು ಮಾಡಿ ಅಂಟಿಸಿದ್ದು ಕಾಣುತ್ತದೆ.

ಅವರು ಯಾವ ಭಾಷೆಯಲ್ಲಿ ಬರೆದಿದ್ದಾರೋ ಅದರಲ್ಲೇ ಉತ್ತರ ಕೊಡಿ. ಸಾಲುಗಳ ಕ್ರಮ ಯಾವ ಭಾಷೆಯಲ್ಲೂ ಇದೇ.

## ಕೊನೆಗೆ ಹೋದ ಮೇಲ್

> ನಮಸ್ಕಾರ,
>
> ಜೂನ್ 10, ಬುಧವಾರ, ಬೆಳಿಗ್ಗೆ 11:30ಕ್ಕೆ ನಿಮ್ಮ ಕಚೇರಿಯಲ್ಲಿ ನಡೆಯುವ ಇಂಟರ್‌ವ್ಯೂಗೆ ಖಂಡಿತ ಬರುತ್ತೇನೆ. ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದಗಳು.
>
> ತಯಾರಿಗಾಗಿ ಮೂರು ವಿಷಯ ಕೇಳಬೇಕಿತ್ತು:
>
> 1. ಮಾತುಕತೆ ಮತ್ತು ಪರೀಕ್ಷೆ ಸೇರಿ ಸುಮಾರು ಎಷ್ಟು ಹೊತ್ತು ಬೇಕಾಗಬಹುದು, ಪರೀಕ್ಷೆಗೆ ನನ್ನ ಲ್ಯಾಪ್‌ಟಾಪ್ ತರಬೇಕೇ ಎಂದು ತಿಳಿಸಿದರೆ ಅನುಕೂಲವಾಗುತ್ತದೆ.
> 2. ಪ್ಯಾನೆಲ್‌ನಲ್ಲಿ ಎಷ್ಟು ಜನ, ಯಾವ ವಿಭಾಗಗಳಿಂದ ಇರುತ್ತಾರೆ ಎಂದು ಹೇಳಲು ಸಾಧ್ಯವೇ?
> 3. ಫೋಟೊ ಇರುವ ಗುರುತಿನ ಚೀಟಿ, ರೆಸ್ಯೂಮ್‌ನ ಮೂರು ಪ್ರತಿ, ಮಾರ್ಕ್ಸ್ ಕಾರ್ಡ್, ಪದವಿ ಪ್ರಮಾಣಪತ್ರ ಮತ್ತು ರಿಲೀವಿಂಗ್ ಲೆಟರ್‌ಗಳ ಒರಿಜಿನಲ್ ಹಾಗೂ ಒಂದು ಸೆಟ್ ಜೆರಾಕ್ಸ್ ತರುತ್ತೇನೆ. ಬೇರೇನಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ.
>
> ವಂದನೆಗಳು,
> (ಪೂರ್ತಿ ಹೆಸರು, ಗುರುತಿನ ಚೀಟಿಯಲ್ಲಿರುವಂತೆ)
> (ಹುದ್ದೆ ಮತ್ತು ಅರ್ಜಿ ಸಂಖ್ಯೆ)
> (ಫೋನ್ ನಂಬರ್)

"ಕೇಳಬೇಕಿತ್ತು" ಅನ್ನುವ ಪದ ಗಮನಿಸಿ. "ಕೇಳುತ್ತೇನೆ" ಅಂದರೆ ಸ್ವಲ್ಪ ಗಡಸು. ಮಾತಿನಲ್ಲಿ ನಾವು ಯಾವಾಗಲೂ ಹೀಗೇ ಹೇಳುತ್ತೇವೆ, ಬರವಣಿಗೆಯಲ್ಲೂ ಅದೇ ಹದ ಬರುತ್ತದೆ. ಅವಳ ಮೊದಲ ಕರಡಿನಲ್ಲಿದ್ದ "ಸಂಸ್ಥೆ ಯಾಕೆ ಇಷ್ಟ" ಅನ್ನುವ ಪ್ಯಾರಾ ಹೋಯಿತು. ಅದಕ್ಕೆ ಇಂಟರ್‌ವ್ಯೂನಲ್ಲೇ ಜಾಗ ಇದೆ.

## ಉತ್ತರ ಬಂದ ಮೇಲೆ, ಅಥವಾ ಬಾರದಿದ್ದರೆ

ಅವಳಿಗೆ ಮರುದಿನ ಬಂದ ಉತ್ತರ ಮೂರು ಸಾಲು. ಒಟ್ಟು ಎರಡು ಗಂಟೆ. ಪರೀಕ್ಷೆ ಅರ್ಧ ಗಂಟೆ, ಸ್ಪ್ರೆಡ್‌ಶೀಟ್‌ನಲ್ಲಿ, ಕಂಪ್ಯೂಟರ್ ಅವರದ್ದೇ. ದಾಖಲೆ ಅಷ್ಟು ಸಾಕು. ಪ್ಯಾನೆಲ್ ಬಗ್ಗೆ ಒಂದಕ್ಷರವೂ ಇಲ್ಲ.

ಇದು ಸಾಮಾನ್ಯ. ಒಂದು ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದನ್ನು "ಹೇಳಲಾಗುವುದಿಲ್ಲ" ಅಂತಲೇ ಓದಿಕೊಳ್ಳಿ. ಎರಡನೇ ಸಲ ಕೇಳಬೇಡಿ. ದಾಖಲೆಯ ಉತ್ತರ ಬಾರದಿದ್ದರೆ ಮಾತ್ರ, ಇಂಟರ್‌ವ್ಯೂಗೆ ಎರಡು ಕೆಲಸದ ದಿನ ಮುಂಚೆ ಒಂದು ಸಲ ನೆನಪಿಸಬಹುದು. ಅದೇ ಎಳೆಯಲ್ಲಿ, ಎರಡು ಸಾಲಿನಲ್ಲಿ. ಉತ್ತರ ಬಂದಾಗ "ತಿಳಿಯಿತು, ಧನ್ಯವಾದಗಳು. ಬುಧವಾರ 11:30ಕ್ಕೆ ಬರುತ್ತೇನೆ" ಅಂತ ಹೇಳಿ ಮುಗಿಸಿ. ಅದರಲ್ಲಿ ಹೊಸ ಪ್ರಶ್ನೆ ತೆಗೆಯಬೇಡಿ.

ಸ್ಲಾಟ್ ಒಪ್ಪಿದ್ದಕ್ಕೇ ಯಾವ ಉತ್ತರವೂ ಇಲ್ಲದಿದ್ದರೆ ಏನು ಮಾಡುವುದು? ಕ್ಯಾಲೆಂಡರ್ ಆಮಂತ್ರಣ ಬಂದಿದೆಯಾ ನೋಡಿ, ಸ್ಪ್ಯಾಮ್ ಫೋಲ್ಡರ್‌ನಲ್ಲೂ ಹುಡುಕಿ. ಆಮಂತ್ರಣ ಬಂದಿದ್ದರೆ ಅದೇ ಖಾತ್ರಿ, `Accept` ಒತ್ತಿ. ಆದರೆ ಬರೀ `Accept` ಒತ್ತಿ ಮೇಲ್‌ಗೆ ಉತ್ತರ ಕೊಡದೆ ಇರಬೇಡಿ. ಆ ಒತ್ತುವಿಕೆಯ ಸೂಚನೆ ಆಮಂತ್ರಣ ಕಳಿಸಿದ ಖಾತೆಗೆ ಹೋಗುತ್ತದೆ, ಅದನ್ನು ಯಾರೂ ತೆರೆದು ನೋಡದಿರಬಹುದು. ಎರಡೂ ಬಾರದೆ ಒಂದು ಕೆಲಸದ ದಿನ ಕಳೆದರೆ ಫೋನ್ ಮಾಡಿ. "ನಿನ್ನೆ ಮೇಲ್ ಕಳಿಸಿದ್ದೆ, ಬುಧವಾರದ ಸ್ಲಾಟ್ ನನ್ನ ಹೆಸರಲ್ಲಿ ಇದೆಯಾ ಅಂತ ತಿಳಿದುಕೊಳ್ಳೋಣ ಅಂತ ಮಾಡಿದೆ" ಅಂದರೆ ಒಂದು ನಿಮಿಷದ ಮಾತು.

ಕೆಲವು ಸಲ ಮೇಲ್ `no-reply` ಅನ್ನುವ ವಿಳಾಸದಿಂದ ಬಂದಿರುತ್ತದೆ, ಸ್ಲಾಟ್ ಆರಿಸಲು ಒಂದು ಲಿಂಕ್ ಇರುತ್ತದೆ. ಅದಕ್ಕೆ ಉತ್ತರ ಬರೆದರೆ ಯಾರಿಗೂ ತಲುಪುವುದಿಲ್ಲ. ಲಿಂಕ್‌ನಲ್ಲೇ ಸ್ಲಾಟ್ ಆರಿಸಿ, ಕೊನೆಯ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪ್ರಶ್ನೆಗಳನ್ನು, ಮುಂಚೆ ನಿಮ್ಮ ಜೊತೆ ಮಾತಾಡಿದ ಎಚ್‌ಆರ್ ಯಾರಾದರೂ ಇದ್ದರೆ ಅವರಿಗೆ ಕಳಿಸಿ.

ಫೋನ್‌ನಲ್ಲೇ ಕರೆದರೆ ಕೇಳಿದ್ದನ್ನು ತಿರುಗಿ ಹೇಳಿ, ಮಾತು ಮುಗಿಯುವ ಮುಂಚೆ "ಇದನ್ನೇ ಮೇಲ್‌ನಲ್ಲಿ ಕಳಿಸುತ್ತೇನೆ, ಯಾವ ವಿಳಾಸಕ್ಕೆ ಕಳಿಸಲಿ?" ಅಂತ ಕೇಳಿ. ಮೂರು ಪ್ರಶ್ನೆಗಳನ್ನು ಮೇಲ್‌ನಲ್ಲೇ ಕೇಳಿ, ಬಾಯಿಮಾತಿನಲ್ಲಿ ಬಂದ ದಾಖಲೆಗಳ ಪಟ್ಟಿ ಅರ್ಧ ಮರೆತುಹೋಗುತ್ತದೆ.

ಒಪ್ಪಿದ ಮೇಲೆ ಬದಲಿಸಬೇಕಾಗಿ ಬಂದರೆ ಗೊತ್ತಾದ ಗಳಿಗೆಯಲ್ಲೇ ಹೇಳಿ. ಕಾರಣ ಒಂದು ಸಾಲು, ನಿಮಗೆ ಆಗುವ ಬೇರೆ ಎರಡು ಸಮಯ ಇನ್ನೊಂದು ಸಾಲು. ಒಂದು ಸಲ ಬದಲಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೇ ಸಲಕ್ಕೆ ಆ ಕಡೆಯ ಹುಬ್ಬು ಮೇಲೇರುತ್ತದೆ.

ನಮ್ಮ ಹುಡುಗಿ ಒಟ್ಟು ಎರಡು ಗಂಟೆ ಅಂತ ಗೊತ್ತಾದ ಮೇಲೂ ಅರ್ಧ ದಿನದ ರಜೆ ಬಿಟ್ಟು ಪೂರ್ತಿ ದಿನವೇ ಹಾಕಿದಳು. 11:30ಕ್ಕೆ ಶುರುವಾದರೆ ಮುಗಿಯುವುದು ಒಂದೂವರೆಗೆ, ಅದೂ ಪ್ಯಾನೆಲ್ ಹೊತ್ತಿಗೆ ಸರಿಯಾಗಿ ಬಂದರೆ. ಹಿಂದಿನ ರಾತ್ರಿ ಆ ಮೇಲ್ ಎಳೆಯನ್ನು ಪ್ರಿಂಟ್ ತೆಗೆದು ಫೈಲ್‌ನ ಮೇಲ್ಗಡೆ ಇಟ್ಟಳು. ಗೇಟಿನಲ್ಲಿ ವಿಸಿಟರ್ ಪಟ್ಟಿಯಲ್ಲಿ ಅವಳ ಇನಿಷಿಯಲ್ ಹಿಂದೆ ಮುಂದೆ ಆಗಿತ್ತಂತೆ. ಅವರು ಒಳಗೆ ಬಿಟ್ಟಿದ್ದು ಆ ಪ್ರಿಂಟ್ ನೋಡಿ.